ನಮ್ಮ ತೊಗರಿ ಬೇಳೆಗೆ ಬಣ್ಣ ಹಾಕುತ್ತೇವೆ ಅಂತ ವಿಡಿಯೋ ಓಡಾಡುತ್ತಿದೆ. ಉತ್ತರವಾಗಿ ಏನು ಬರೆಯಲಿ?

ಬೇಳೆಮನೆ_ಕಪನೂರ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಕಪನೂರ ಕಡೆ ನಮ್ಮದೊಂದು ಸಣ್ಣ ದಾಲ್ ಮಿಲ್ಲು ಇದೆ. ಮಾವ ಮತ್ತು ನಮ್ಮ ಮನೆಯವರು ಮಿಲ್ಲು ನೋಡಿಕೊಳ್ಳುತ್ತಾರೆ. ಪ್ಯಾಕಿಂಗು, ಇನ್‌ಸ್ಟಾಗ್ರಾಂ, ವಾಟ್ಸಾಪ್ ಆರ್ಡರು ಎಲ್ಲಾ ನನ್ನದು.

ನಾಲ್ಕು ದಿನದ ಹಿಂದೆ ಯಾರೋ ಒಬ್ಬರು ನಮ್ಮ ಒಂದು ಕಿಲೋ ಪ್ಯಾಕೆಟ್ ಒಡೆದು, ಸ್ಟೀಲ್ ಬೋಗುಣಿಯಲ್ಲಿ ಬೇಳೆ ತೊಳೆದು ವಿಡಿಯೋ ಹಾಕಿದ್ದಾರೆ. ನೀರು ಹಳದಿಯಾಗಿದೆ. ಆಮೇಲೆ ಬೇಯಿಸುವಾಗ ನೊರೆ ಉಕ್ಕುವುದನ್ನೂ ತೋರಿಸಿದ್ದಾರೆ. "ನೋಡಿ, ಬಣ್ಣ ಹಾಕಿದ್ದಾರೆ, ಕೆಮಿಕಲ್ ಪಾಲಿಶ್ ಮಾಡಿದ್ದಾರೆ, ಇದನ್ನ ತಿಂದ್ರೆ ಕ್ಯಾನ್ಸರ್" ಅಂತ ಹೇಳಿದ್ದಾರೆ. ಅದು ಈಗ ಊರಿನ ಎಲ್ಲ ಗ್ರೂಪಿನಲ್ಲೂ ಇದೆ. ಎರಡು ಕಿರಾಣಿ ಅಂಗಡಿಯವರು ಮಾಲು ವಾಪಸ್ ತೆಗೆದುಕೊಳ್ಳಿ ಅಂದರು. ಮಾವ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ನಾವು ಬಣ್ಣ ಹಾಕುವುದಿಲ್ಲ. ಇದನ್ನ ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ. ವಿಡಿಯೋದ ಸ್ಕ್ರೀನ್‌ಶಾಟ್ ಮೇಲೆ ಕೆಂಪು ಗುರುತು ಹಾಕಿ, ಅದರ ಕೆಳಗೆ ಹೀಗೆ ಬರೆಯೋಣ ಅಂದುಕೊಂಡಿದ್ದೇನೆ:

"ನಮ್ಮ ಬೇಳೆಯಲ್ಲಿ ಬಣ್ಣ ಇಲ್ಲ! ಕ್ಯಾನ್ಸರ್ ಬರುತ್ತೆ ಅನ್ನೋದು ಶುದ್ಧ ಸುಳ್ಳು! ಹೊಟ್ಟೆಕಿಚ್ಚಿನವರ ಮಾತು ನಂಬಬೇಡಿ! ನಾವು ಬೇಳೆಗೆ ಏನನ್ನೂ ಹಾಕುವುದಿಲ್ಲ, 100% ಶುದ್ಧ, ಎಫ್‌ಎಸ್‌ಎಸ್‌ಎಐ ಪ್ರಮಾಣಿತ!"

ಸರಿ ಇದೆಯಾ? ಇವತ್ತು ಸಂಜೆ ಹಾಕಬೇಕು.

ಗಂಜ್_ಹುಡುಗ

ಅಕ್ಕಾ, ಬರೆಯುವುದು ಏನು, ಮೊದಲು ಪೊಲೀಸ್ ಠಾಣೆಗೆ ಹೋಗಿ. ಸೈಬರ್ ದೂರು ಕೊಡಿ. ನಮ್ಮ ಗಂಜ್‌ನಲ್ಲಿ ಎಲ್ಲರೂ ಇದನ್ನೇ ಮಾತಾಡುತ್ತಿದ್ದಾರೆ. ಇವತ್ತು ನಿಮ್ಮ ಬೇಳೆ, ನಾಳೆ ಇಡೀ ಕಲಬುರಗಿ ಬೇಳೆಗೆ ಹೆಸರು ಕೆಡುತ್ತದೆ.

ಸೇಡಂ_ಮಾಸ್ತರ

ದೂರು ಕೊಡುವುದು ಆಮೇಲೆ ನೋಡೋಣ. ಠಾಣೆಗೆ ಹೋದರೆ "ಏನೋ ಇದೆ, ಅದಕ್ಕೇ ಹೆದರಿಸುತ್ತಿದ್ದಾರೆ" ಅಂತಾರೆ ಜನ.

ಸುದ್ದಿಮನೆ_ಹಳಬ

ತಂಗೀ, ದಯವಿಟ್ಟು ಇವತ್ತು ಸಂಜೆ ಹಾಕಬೇಡ. ಪತ್ರಿಕೆಯಲ್ಲಿ ಇಪ್ಪತ್ತು ವರ್ಷ ಡೆಸ್ಕಿನಲ್ಲಿ ಕೂತು ಶೀರ್ಷಿಕೆ ಬರೆದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ನಿನ್ನ ಮೊದಲ ಎರಡು ಸಾಲು ಓದು. ಬಣ್ಣ, ಕ್ಯಾನ್ಸರ್, ಸುಳ್ಳು. ಇನ್‌ಸ್ಟಾಗ್ರಾಂನಲ್ಲಿ ಪೂರ್ತಿ ಬರಹ ಕಾಣುವುದಿಲ್ಲ, ಮೊದಲ ಒಂದೆರಡು ಸಾಲು ಕಾಣುತ್ತದೆ. ಉಳಿದದ್ದು ಒತ್ತಿದವರಿಗೆ ಮಾತ್ರ. ಬೆರಳಲ್ಲಿ ಸರಿಸುತ್ತಾ ಹೋಗುವವರಿಗೆ ನಿನ್ನ ಪ್ಯಾಕೆಟ್ ಚಿತ್ರದ ಕೆಳಗೆ "ಕ್ಯಾನ್ಸರ್" ಅನ್ನುವ ಪದ ಕಾಣುತ್ತದೆ, ಅಷ್ಟೇ ನೆನಪಿರುತ್ತದೆ. ವಿಡಿಯೋ ನೋಡದೇ ಇದ್ದವರಿಗೂ ನೀನೇ ಸುದ್ದಿ ಮುಟ್ಟಿಸಿದ ಹಾಗಾಯಿತು.

ಅದಕ್ಕೆ ಕ್ರಮ ಬದಲಿಸು. ಮೊದಲ ಸಾಲಿನಲ್ಲಿ ನಿಜ ಇರಲಿ. ಆಮೇಲೆ ಗಾಳಿಮಾತಿನ ವಿಷಯ ಒಂದೇ ಸಲ, ಒಂದೇ ಸಾಲಿನಲ್ಲಿ. ನಂತರ ನೀರು ಯಾಕೆ ಹಳದಿಯಾಗುತ್ತದೆ ಅನ್ನುವ ಕಾರಣ. ಕೊನೆಗೆ ಪುರಾವೆ. ಸ್ಕ್ರೀನ್‌ಶಾಟ್ ಬೇಡವೇ ಬೇಡ. ಅದರ ಬದಲು ನಿನ್ನದೇ ಬೇಳೆ, ನಿನ್ನದೇ ಗಾಜಿನ ಲೋಟದ ಚಿತ್ರ ಹಾಕು.

ಹೊಟ್ಟೆಕಿಚ್ಚು ಅನ್ನುವ ಮಾತನ್ನೂ ತೆಗಿ. ವಿಡಿಯೋ ಮಾಡಿದವರು ಮಕ್ಕಳಿರುವ ಮನೆಯವರೇ ಇರಬಹುದು. ನಿಜವಾಗಿಯೂ ಹೆದರಿ ಮಾಡಿರಬಹುದು. ಅವರನ್ನು ಬೈದರೆ ಅವರ ಹಾಗೇ ಹೆದರಿದ ಎಲ್ಲರನ್ನೂ ಬೈದಂತೆ.

ಯಾದಗಿರಿ_ಅತ್ತೆ

ನಮ್ಮ ಕಡೆ ಹಿಂದೆ ಕೇಸರಿ ಬೇಳೆ ಕಲಬೆರಕೆ ಮಾಡುತ್ತಿದ್ದರು ಅಂತ ನಮ್ಮ ಅವ್ವ ಹೇಳುತ್ತಿದ್ದಳು. ಅದನ್ನ ತಿಂದು ಕಾಲು ಸೋತು ಹೋಗುತ್ತಿತ್ತಂತೆ. ನೀವು ಅದನ್ನ ಬೆರೆಸಿಲ್ಲ ಅಂತ ಬರೀರಿ.

ಲ್ಯಾಬ್_ಅಕ್ಕ

ಅತ್ತೇ, ನೀವು ಹೇಳಿದ್ದು ನಿಜವಾದ ಸಂಗತಿಯೇ. ಕೇಸರಿ ಬೇಳೆಯಿಂದ ಕಾಲು ಸೋಲುವ ರೋಗ ಬರುತ್ತಿತ್ತು. ಆದರೆ ಇಲ್ಲಿ ಯಾರೂ ಅದರ ಬಗ್ಗೆ ಕೇಳಿಲ್ಲ. ಕೇಳದ ಆರೋಪಕ್ಕೂ ಉತ್ತರ ಕೊಟ್ಟರೆ ಹೊಸದೊಂದು ಅನುಮಾನ ಹುಟ್ಟುತ್ತದೆ. ಬಣ್ಣದ ವಿಷಯಕ್ಕೇ ನಿಲ್ಲೋಣ.

ನಾನು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಕಪನೂರದ ತಂಗಿಗೆ ಮೊದಲು ಒಂದು ಪ್ರಶ್ನೆ. "ಬೇಳೆಗೆ ಏನನ್ನೂ ಹಾಕುವುದಿಲ್ಲ" ಅಂತ ಬರೆದಿದ್ದೀಯಲ್ಲ, ನಿಮ್ಮ ಮಿಲ್ಲಿನಲ್ಲಿ ಸಿಪ್ಪೆ ಬಿಡಿಸುವ ಮೊದಲು ತೊಗರಿಗೆ ಎಣ್ಣೆ ಹಚ್ಚುವುದಿಲ್ಲವಾ? ಮಾವನವರನ್ನ ಕೇಳಿ ಬಾ.

ಬೇಳೆಮನೆ_ಕಪನೂರ

ಕೇಳಿದೆ ಅಕ್ಕಾ. ಹಚ್ಚುತ್ತೇವೆ. ಕಾಳು ಮೊದಲು ರೋಲರಿಗೆ ಹೋಗುತ್ತದೆ, ಅಲ್ಲಿ ಸಿಪ್ಪೆಯ ಮೇಲೆ ಗೀರು ಬೀಳುತ್ತದೆ. ಆಮೇಲೆ ಅಡುಗೆ ಎಣ್ಣೆ ಹಚ್ಚಿ ಒಂದು ರಾತ್ರಿ ರಾಶಿ ಹಾಕುತ್ತಾರೆ. ಮರುದಿನ ನೀರು ಚಿಮುಕಿಸಿ, ಬಿಸಿಲಿಗೆ ಒಣಗಿಸಿ ಮತ್ತೆ ರೋಲರಿಗೆ. ಎಣ್ಣೆ ಒಂದು ಕ್ವಿಂಟಲ್ ಕಾಳಿಗೆ ಅರ್ಧ ಕಿಲೋದ ಒಳಗೇ ಅಂತ ಮಾವ ಹೇಳಿದರು. ಸಿಪ್ಪೆಯ ಕೆಳಗಿನ ಅಂಟು ಸಡಿಲ ಆಗಲಿ ಅಂತ. ಇದು ಎಲ್ಲ ಮಿಲ್ಲಿನಲ್ಲೂ ಇರುವುದೇ, ಇದನ್ನೂ ಬರೆಯಬೇಕಾ? ಜನ ಇನ್ನೂ ಹೆದರುವುದಿಲ್ಲವಾ?

ಲ್ಯಾಬ್_ಅಕ್ಕ

ಬರೆಯಲೇಬೇಕು. ಎಣ್ಣೆ ಹಚ್ಚುವುದರಲ್ಲಿ ತಪ್ಪೇನೂ ಇಲ್ಲ, ತಿನ್ನುವ ಎಣ್ಣೆಯೇ ಅದು. ಬಹುಪಾಲು ಸಿಪ್ಪೆಯ ಜೊತೆಗೇ ಹೊಟ್ಟಿಗೆ ಹೋಗುತ್ತದೆ. ಆದರೆ ನೀನು "ಏನನ್ನೂ ಹಾಕುವುದಿಲ್ಲ" ಅಂತ ಬರೆದ ಮರುದಿನ, ಮಿಲ್ಲಿನಲ್ಲಿ ಕೆಲಸ ಮಾಡಿದ ಯಾರೋ ಒಬ್ಬರು "ಎಣ್ಣೆ ಹಾಕ್ತಾರ್ರಿ, ನಾನೇ ನೋಡಿದ್ದೀನಿ" ಅಂತಾರೆ. ಅದು ನಿಜ. ಆ ಒಂದು ನಿಜ ನಿನ್ನ ಉಳಿದ ಎಲ್ಲ ನಿಜವನ್ನೂ ಮುಳುಗಿಸುತ್ತದೆ. ಬಣ್ಣದ ವಿಷಯದಲ್ಲೂ ಸುಳ್ಳೇ ಹೇಳಿದ್ದಾರೆ ಅನ್ನುತ್ತಾರೆ.

ಬೇಳೆಗೆ ಸ್ವಲ್ಪ ಹೊಳಪು ಇರುತ್ತದಲ್ಲ, "ಕೆಮಿಕಲ್ ಪಾಲಿಶ್" ಅಂತ ಅವರು ಅಂದದ್ದು ಅದನ್ನೇ ನೋಡಿ. ಅದಕ್ಕೆ ಕಾರಣವೂ ಈ ಎಣ್ಣೆಯೇ ಇರಬಹುದು. ನೀನಾಗಿಯೇ ಹೇಳಿದರೆ ಅವರ ಪ್ರಶ್ನೆಗೆ ಉತ್ತರವೂ ಆಯಿತು.

ಆಳಂದ_ರೈತ

ಅಕ್ಕ ಹೇಳಿದ್ದು ಖರೆ. ನಮ್ಮ ಮನೆಯಲ್ಲಿ ಬೀಸುವ ಕಲ್ಲಿನಲ್ಲಿ ಬೇಳೆ ಒಡೆಯುತ್ತಿದ್ದಾಗಲೂ ಅಜ್ಜಿ ಎಣ್ಣೆ, ನೀರು ಹಚ್ಚಿ ಬಿಸಿಲಿಗೆ ಹಾಕುತ್ತಿದ್ದಳು. ಇಲ್ಲದಿದ್ದರೆ ಸಿಪ್ಪೆ ಬಿಡುವುದಿಲ್ಲ, ನುಚ್ಚು ಜಾಸ್ತಿ ಆಗುತ್ತದೆ.

ಈ ಸಲ ತೊಗರಿ ರೇಟಿನ ಬಗ್ಗೆ ಯಾರಿಗಾದರೂ ಗೊತ್ತಾ? ನಮ್ಮ ಕಡೆ ಗೊಡ್ಡು ರೋಗ ಬಂದು ಅರ್ಧ ಹೊಲ ಹೂವೇ ಬಿಟ್ಟಿಲ್ಲ.

ಗಂಜ್_ಹುಡುಗ

ರೇಟು ಬೇರೆ ಕಡೆ ಮಾತಾಡೋಣ ಕಾಕಾ, ಇಲ್ಲಿ ಅಕ್ಕನ ವಿಷಯ ಇದೆ.

ಬೀದರ್_ಅಡುಗೆಮನೆ

ಇಷ್ಟೆಲ್ಲಾ ಯಾಕೆ? ಸುಲಭದ ದಾರಿ ಇದೆ. ಬೇಳೆ ತೊಳೆದ ನೀರಿಗೆ ಲಿಂಬೆ ಹಣ್ಣು ಹಿಂಡಿ. ಬಣ್ಣ ಇದ್ದರೆ ಗುಲಾಬಿ ಆಗುತ್ತದೆ. ಆಗದಿದ್ದರೆ ಶುದ್ಧ. ನಾನು ಮನೆಯಲ್ಲಿ ಯಾವಾಗಲೂ ಹೀಗೇ ನೋಡುವುದು. ಅದನ್ನೇ ವಿಡಿಯೋ ಮಾಡಿ ಹಾಕಿಬಿಡಿ, ಮುಗಿಯಿತು.

ಲ್ಯಾಬ್_ಅಕ್ಕ

ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಬೇಳೆಗೆ ಕದ್ದು ಹಾಕುವ ಬಣ್ಣಗಳಲ್ಲಿ ಹೆಚ್ಚು ಕೇಳಿಬರುವುದು ಮೆಟಾನಿಲ್ ಯೆಲ್ಲೋ. ಅದನ್ನ ಆಹಾರಕ್ಕೆ ಹಾಕಲು ಅನುಮತಿಯೇ ಇಲ್ಲ. ಜೋರಾದ ಆಮ್ಲ ತಾಗಿದರೆ ಅದು ಹಳದಿಯಿಂದ ಕೆಂಪು, ಗುಲಾಬಿ ಆಗುತ್ತದೆ. ಲ್ಯಾಬಿನಲ್ಲಿ ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಹಾಕುತ್ತೇವೆ.

ಆದರೆ ಆ ಬಣ್ಣ ಪೂರ್ತಿ ಕೆಂಪಾಗಲು ಪಿಎಚ್ 1.2ರ ಹತ್ತಿರ ಇಳಿಯಬೇಕು. 2.3ರ ಮೇಲೆ ಅದು ಹಳದಿಯಾಗಿಯೇ ಇರುತ್ತದೆ. ಲಿಂಬೆ ರಸವೇ 2ರ ಆಸುಪಾಸು ಇರುತ್ತದೆ, ಅದನ್ನ ಒಂದು ಬಟ್ಟಲು ನೀರಿಗೆ ಹಿಂಡಿದರೆ ಇನ್ನೂ ತೆಳುವಾಗುತ್ತದೆ. ಅಂದರೆ ಬಣ್ಣ ಹಾಕಿದ ಬೇಳೆಯೂ ನಿಮ್ಮ ಲಿಂಬೆ ಪರೀಕ್ಷೆಯಲ್ಲಿ ಪಾಸಾಗಬಹುದು. ಅದನ್ನ ವಿಡಿಯೋ ಮಾಡಿ ಪುರಾವೆ ಅಂತ ಹಾಕಿದರೆ, ಗೊತ್ತಿದ್ದವರು ಒಂದೇ ಸಾಲಿನಲ್ಲಿ ಬಿಚ್ಚಿಡುತ್ತಾರೆ.

ಆಮ್ಲದ ಪರೀಕ್ಷೆಗೂ ಮಿತಿ ಇದೆ. ಮೆಟಾನಿಲ್ ಯೆಲ್ಲೋ ಸಿಗುತ್ತದೆ, ಟಾರ್ಟ್ರಜಿನ್ ತರಹದ ಬೇರೆ ಹಳದಿ ಬಣ್ಣ ಇದ್ದರೆ ಅದು ಹೇಳುವುದಿಲ್ಲ. ಜನರಿಗೆ ಮನೆಯಲ್ಲಿ ಆಮ್ಲ ಹಾಕಿ ನೋಡಿ ಅಂತಲೂ ದಯವಿಟ್ಟು ಬರೆಯಬೇಡಿ. ಮಕ್ಕಳಿರುವ ಮನೆಗೆ ಅದು ಬಣ್ಣಕ್ಕಿಂತ ದೊಡ್ಡ ಅಪಾಯ.

ಬೀದರ್_ಅಡುಗೆಮನೆ

ಹೌದಾ! ಇಷ್ಟು ವರ್ಷ ಲಿಂಬೆ ಹಿಂಡಿ ನೆಮ್ಮದಿಯಾಗಿದ್ದೆ ನಾನು. ಆದರೆ ಒಂದು ಸಲ ನನ್ನ ತಮ್ಮ ಕಾಲೇಜಿನಿಂದ ಆಮ್ಲ ತಂದು ಬೇಯಿಸಿದ ಬೇಳೆಗೆ ಹಾಕಿದಾಗ ಕೆಂಪಗೆ ಆಗಿತ್ತಲ್ಲ? ಆ ಬೇಳೆಯಲ್ಲಿ ಬಣ್ಣ ಇತ್ತು ಅಂತ ಆ ಅಂಗಡಿಗೆ ಹೋಗುವುದನ್ನೇ ಬಿಟ್ಟೆವು.

ಲ್ಯಾಬ್_ಅಕ್ಕ

ಬೇಯಿಸುವಾಗ ಅರಿಶಿನ ಹಾಕಿದ್ದಿರಾ?

ಬೀದರ್_ಅಡುಗೆಮನೆ

ಹಾಕಿದ್ದೆವು. ಅರಿಶಿನ ಇಲ್ಲದೆ ಯಾರು ಬೇಳೆ ಬೇಯಿಸುತ್ತಾರೆ?

ಲ್ಯಾಬ್_ಅಕ್ಕ

ಅಲ್ಲೇ ಎಡವಟ್ಟಾಗಿರಬಹುದು. ಅರಿಶಿನವೂ ಜೋರಾದ ಆಮ್ಲದಲ್ಲಿ ಕೆಂಪಗಾಗುತ್ತದೆ. ಮೇಲೆ ನೀರು ಹಾಕಿದರೆ ಅರಿಶಿನದ ಕೆಂಪು ಹೋಗಿಬಿಡುತ್ತದೆ, ಮೆಟಾನಿಲ್ ಯೆಲ್ಲೋದ್ದು ಉಳಿಯುತ್ತದೆ. ನೀವು ನೀರು ಹಾಕಿ ನೋಡಿಲ್ಲ ಅಂದರೆ ಆ ಅಂಗಡಿಯವರ ಬೇಳೆ ಹೇಗಿತ್ತು ಅಂತ ಈಗ ಹೇಳಲು ಆಗುವುದಿಲ್ಲ.

ಬೇಳೆಮನೆ_ಕಪನೂರ

ಅಕ್ಕಾ, ಹಾಗಾದರೆ ನಮ್ಮ ನೀರು ಯಾಕೆ ಹಳದಿಯಾಯಿತು? ನಾನೂ ತೊಳೆದು ನೋಡಿದೆ, ಅವರ ವಿಡಿಯೋದಲ್ಲಿ ಬಂದ ಹಾಗೇ ಬಂತು. ಒಂದು ಕ್ಷಣ ನನಗೇ ಭಯ ಆಯಿತು.

ಲ್ಯಾಬ್_ಅಕ್ಕ

ಭಯ ಬೇಡ. ಈಗ ಒಂದು ಗಾಜಿನ ಲೋಟ ತಗೋ. ತೊಳೆದ ನೀರನ್ನ ತಕ್ಷಣ ಅದಕ್ಕೆ ಸುರಿದು ಅಲುಗಾಡಿಸದೆ ಅರ್ಧ ಗಂಟೆ ಇಡು. ಆಮೇಲೆ ಏನು ಕಂಡಿತು ಹೇಳು.

ಬೇಳೆಮನೆ_ಕಪನೂರ

ಇಟ್ಟು ಬಂದೆ. ಮುಕ್ಕಾಲು ಗಂಟೆ ಆಯಿತು. ತಳದಲ್ಲಿ ಹಳದಿ ಹಿಟ್ಟಿನ ಹಾಗೆ ಕೂತಿದೆ. ಮೇಲಿನ ನೀರು ಹೆಚ್ಚುಕಡಿಮೆ ತಿಳಿಯಾಗಿದೆ, ಅಕ್ಕಿ ತೊಳೆದ ನೀರಿನ ಹಾಗೆ ಸ್ವಲ್ಪ ಮಸುಕು ಇದೆ.

ಲ್ಯಾಬ್_ಅಕ್ಕ

ಅದು ಬೇಳೆಯ ಹಿಟ್ಟು. ರೋಲರಿನಲ್ಲಿ ಉಜ್ಜಿ, ಚೀಲದಲ್ಲಿ ಕಾಳಿಗೆ ಕಾಳು ತಿಕ್ಕಿ ಉದುರಿದ್ದು. ತೊಗರಿ ಬೇಳೆಯ ಸ್ವಂತ ಹಳದಿ ನೀರಿನಲ್ಲಿ ಕರಗುವ ಜಾತಿಯದಲ್ಲ, ಅದಕ್ಕೇ ಹಿಟ್ಟಿನ ಜೊತೆ ತಳಕ್ಕೆ ಹೋಗುತ್ತದೆ. ನೀರಿನಲ್ಲಿ ಕರಗುವ ಬಣ್ಣ ಹಾಕಿದ್ದರೆ ಹಿಟ್ಟು ಕೂತ ಮೇಲೂ ಮೇಲಿನ ನೀರು ಹಳದಿಯಾಗಿಯೇ ನಿಲ್ಲುತ್ತದೆ. ನೊರೆಯೂ ಹೀಗೇ. ಬೇಳೆಯಲ್ಲಿರುವ ಪ್ರೋಟೀನು ಮತ್ತು ಸಪೋನಿನ್ ಅನ್ನುವ ಅಂಶದಿಂದ ಬರುತ್ತದೆ. ಕಡಲೆ, ಹೆಸರು ಬೇಯಿಸಿದರೂ ಬರುತ್ತದೆ.

ಇದನ್ನ ಕಾರಣ ತೋರಿಸಲು ಬಳಸು, ಪುರಾವೆ ಅಂತ ಬಳಸಬೇಡ. ಬೇಳೆ ಗಂಟೆಗಟ್ಟಲೆ ನೆನೆಸಿದರೆ ನೀರಿಗೆ ತುಸು ಬಣ್ಣ ಬರಬಹುದು. ಆಗ ಯಾರೋ "ನಮ್ಮ ಲೋಟದಲ್ಲಿ ತಿಳಿಯಾಗಲಿಲ್ಲ" ಅಂತಾರೆ. ಪುರಾವೆ ಅಂದರೆ ಲ್ಯಾಬಿನ ವರದಿ ಒಂದೇ.

ಬೇಳೆಮನೆ_ಕಪನೂರ

ವರದಿಗೆ ನಿನ್ನೆಯೇ ಕಳಿಸಿದ್ದೇವೆ ಅಕ್ಕಾ. ಗೋದಾಮಿನಿಂದ ಒಂದು ಕಿಲೋ ಕೊಟ್ಟು ಬಂದರು ನಮ್ಮ ಮನೆಯವರು. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬೇ.

ಸೇಡಂ_ಮಾಸ್ತರ

ಒಂದು ಅನುಮಾನ. ನೀವೇ ಆರಿಸಿ ಕೊಟ್ಟ ಬೇಳೆ ಅಲ್ವಾ ಅದು? ನಾನು ಗಿರಾಕಿ ಆಗಿದ್ದರೆ "ಒಳ್ಳೆಯದನ್ನ ಕಳಿಸಿ ವರದಿ ತಂದಿದ್ದಾರೆ" ಅನ್ನುತ್ತಿದ್ದೆ. ತಪ್ಪು ತಿಳಿಯಬೇಡಿ.

ಲ್ಯಾಬ್_ಅಕ್ಕ

ಮಾಸ್ತರರು ಕೇಳಿದ್ದೇ ಸರಿಯಾದ ಪ್ರಶ್ನೆ. ಲ್ಯಾಬಿನ ವರದಿಯ ಕೆಳಗೆ ಸಣ್ಣ ಅಕ್ಷರದಲ್ಲಿ "ಈ ಫಲಿತಾಂಶ ನಮಗೆ ಬಂದ ಮಾದರಿಗೆ ಮಾತ್ರ" ಅಂತ ಇರುತ್ತದೆ. ಗೋದಾಮಿನ ಬೇಳೆಯ ವರದಿ ಅಂಗಡಿಯ ಪ್ಯಾಕೆಟ್ ಬಗ್ಗೆ ಏನೂ ಹೇಳುವುದಿಲ್ಲ. ವಿಡಿಯೋದಲ್ಲಿ ಕಂಡ ಪ್ಯಾಕೆಟ್ ಯಾವ ಬ್ಯಾಚು?

ಬೇಳೆಮನೆ_ಕಪನೂರ

ನಿಲ್ಲಿಸಿ ನೋಡಿದೆ. ಬ್ಯಾಚ್ 11. ನಾವು ಕಳಿಸಿದ್ದು 12.

ಲ್ಯಾಬ್_ಅಕ್ಕ

ಹಾಗಾದರೆ 12ರ ವರದಿ ಬರಲಿ, ಜೊತೆಗೆ 11 ಬೇಕೇ ಬೇಕು. ಅದನ್ನ ನೀವು ಕೊಡಬೇಡಿ. ಅಂಗಡಿಯ ಕಪಾಟಿನಿಂದ ಒಡೆಯದ ಪ್ಯಾಕೆಟ್ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಅಂಗಡಿಯವರು ಮತ್ತು ಅಲ್ಲಿದ್ದ ಒಬ್ಬಿಬ್ಬರು ಗಿರಾಕಿಗಳ ಮುಂದೆಯೇ ಕವರಿಗೆ ಹಾಕಿ ಸೀಲ್ ಮಾಡಿ, ಅವರ ಸಹಿ ಹಾಕಿಸಿ. ಬ್ಯಾಚ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಕಳಿಸಿ. ಲ್ಯಾಬಿನವರಿಗೆ ಸುಮ್ನೆ "ಟೆಸ್ಟ್ ಮಾಡಿ" ಅನ್ನಬೇಡಿ. "ಸೇರಿಸಿದ ಕೃತಕ ಬಣ್ಣ, ಮೆಟಾನಿಲ್ ಯೆಲ್ಲೋ ಸೇರಿ" ಅಂತ ಬರೆದು ಕೊಡಿ. ಇಲ್ಲದಿದ್ದರೆ ತೇವಾಂಶ, ಕಲ್ಲು, ಹುಳ ಎಲ್ಲಾ ನೋಡಿ ವರದಿ ಕೊಡುತ್ತಾರೆ, ಬಣ್ಣದ ಸಾಲೇ ಇರುವುದಿಲ್ಲ. ನನ್ನ ಮುಂದೆಯೇ ಎಷ್ಟೋ ಜನ ಹಾಗೆ ದುಡ್ಡು ಕಳೆದುಕೊಂಡಿದ್ದಾರೆ.

ಇನ್ನೊಂದು. ಬಹಳ ಲ್ಯಾಬುಗಳು ತಮ್ಮ ವರದಿಯನ್ನ ಅನುಮತಿ ಇಲ್ಲದೆ ಜಾಹೀರಾತಿಗೆ ಬಳಸಬಾರದು, ತುಂಡು ಮಾಡಿ ಹಾಕಬಾರದು ಅಂತ ಷರತ್ತು ಹಾಕಿರುತ್ತವೆ. ಮೊದಲೇ ಲಿಖಿತ ಅನುಮತಿ ಕೇಳಿ. ಹಾಕಿದರೆ ಎಲ್ಲ ಪುಟ ಹಾಕಿ.

ಗಂಜ್_ಹುಡುಗ

ಅಷ್ಟು ದಿನ ಸುಮ್ಮನೆ ಕೂತರೆ ಅಂಗಡಿಯವರೆಲ್ಲ ಮಾಲು ವಾಪಸ್ ಕಳಿಸುತ್ತಾರೆ. ವ್ಯಾಪಾರ ಗೊತ್ತಿಲ್ಲದವರು ಮಾತಾಡಿದ ಹಾಗಿದೆ. ಅಕ್ಕಾ, ಜಿಐ ಟ್ಯಾಗ್ ಇದೆಯಲ್ಲ ನಮ್ಮ ಬೇಳೆಗೆ, 2019ರಲ್ಲೇ ಸಿಕ್ಕಿದೆ. ಅದರ ಲೋಗೋ ದೊಡ್ಡದಾಗಿ ಹಾಕಿ. ಸರ್ಕಾರವೇ ಒಪ್ಪಿದೆ ಅಂದಮೇಲೆ ಯಾರು ಬಾಯಿ ಬಿಡುತ್ತಾರೆ?

ಸುದ್ದಿಮನೆ_ಹಳಬ

ತಮ್ಮಾ, ನಿನ್ನ ಸಿಟ್ಟು ಅರ್ಥ ಆಗುತ್ತದೆ. ಆದರೆ ಜಿಐ ಹೇಳುವುದು ಬೇಳೆ ಯಾವ ನೆಲದ್ದು, ಅದರ ಗುಣ ಏನು ಅಂತ. ಈ ಪ್ಯಾಕೆಟ್‌ಗೆ ಬಣ್ಣ ಹಾಕಿಲ್ಲ ಅಂತ ಅದು ಹೇಳುವುದಿಲ್ಲ. ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸದೆ ಆ ಲೋಗೋ ಹಾಕುವ ಹಾಗೂ ಇಲ್ಲ. "ಎಫ್‌ಎಸ್‌ಎಸ್‌ಎಐ ಪ್ರಮಾಣಿತ" ಅನ್ನುವುದೂ ಅಷ್ಟೇ. ಆ 14 ಅಂಕಿಯ ನಂಬರ್ ನಿಮ್ಮ ಮಿಲ್ಲಿನ ಪರವಾನಗಿ. ಪ್ರತಿ ಬ್ಯಾಚನ್ನೂ ಅವರು ನೋಡಿ ಸರ್ಟಿಫಿಕೇಟ್ ಕೊಟ್ಟಿಲ್ಲ. "ನಮ್ಮ ಪರವಾನಗಿ ನಂಬರ್ ಇದು" ಅಂತ ಬರೆಯಿರಿ, ಅದು ನಿಜ.

ಆದರೆ ಕಾಯುವ ವಿಷಯದಲ್ಲಿ ನಿನ್ನ ಮಾತಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಪೂರ್ತಿ ಮೌನ ಬೇಡ. ಇವತ್ತೇ ನಾಲ್ಕು ಸಾಲು ಹಾಕಬಹುದು:

"ನಮ್ಮ ಬ್ಯಾಚ್ 11ರ ಬೇಳೆಯ ಬಗ್ಗೆ ಕೆಲವರು ಪ್ರಶ್ನೆ ಕೇಳಿದ್ದೀರಿ. ಅಂಗಡಿಯಿಂದಲೇ ಪ್ಯಾಕೆಟ್ ಕೊಂಡು ಬಣ್ಣದ ಪರೀಕ್ಷೆಗೆ ಕಳಿಸುತ್ತಿದ್ದೇವೆ. ವರದಿ ಏನೇ ಬರಲಿ, ಪೂರ್ತಿ ಇಲ್ಲೇ ಹಾಕುತ್ತೇವೆ. ಅಲ್ಲಿಯವರೆಗೆ ಯಾರಿಗೆ ಅನುಮಾನ ಇದೆಯೋ ಅವರು ಪ್ಯಾಕೆಟ್ ವಾಪಸ್ ಕೊಡಿ, ಹಣ ಕೊಡುತ್ತೇವೆ."

ಸೇಡಂ_ಮಾಸ್ತರ

"ವರದಿ ಏನೇ ಬರಲಿ" ಅನ್ನುವ ಮಾತು ಬಹಳ ಚೆನ್ನಾಗಿದೆ. ಅದನ್ನ ಹೇಳಲು ಧೈರ್ಯ ಬೇಕು.

ಬೇಳೆಮನೆ_ಕಪನೂರ

ಮಾವನಿಗೆ ಓದಿ ಹೇಳಿದೆ. "ಹಾಕವ್ವ, ನಾವು ಏನೂ ಮಾಡಿಲ್ಲ ಅಂದ್ಮೇಲೆ ಅಂಜಿಕೆ ಯಾಕ" ಅಂದರು. ಹಾಕಿದೆ. ಹಳೆಯ ಬರಹ ಅಳಿಸಿದೆ.

ಯಾದಗಿರಿ_ಅತ್ತೆ

ಬೇರೆಯವರು ಬಣ್ಣ ಹಾಕುವುದೇ ಇಲ್ಲವಾ ಹಾಗಾದರೆ? ವಿಡಿಯೋ ಮಾಡಿದವಳು ಸುಮ್ಮಸುಮ್ಮನೆ ಹೆದರಿದಳಾ?

ಲ್ಯಾಬ್_ಅಕ್ಕ

ಇಲ್ಲ ಅತ್ತೇ. ಬಣ್ಣ ಹಾಕಿದ ಬೇಳೆಯನ್ನ ನಾನೇ ಲ್ಯಾಬಿನಲ್ಲಿ ನೋಡಿದ್ದೇನೆ. ಆ ಹೆದರಿಕೆಗೆ ಬುಡ ಇದೆ. ಅದಕ್ಕೇ "ಬೇಳೆಗೆ ಯಾರೂ ಬಣ್ಣ ಹಾಕುವುದಿಲ್ಲ" ಅಂತ ಬರೆಯಬಾರದು. ನಮ್ಮ ಬ್ಯಾಚಿನಲ್ಲಿ ಇಲ್ಲ ಅಂತ ಮಾತ್ರ ಬರೆಯಬೇಕು. ಗಿರಾಕಿಗೂ ದಾರಿ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನಲ್ಲಿ, ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕೊಡುತ್ತಿದ್ದೇವೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು, ಅಷ್ಟೇ. ಇದನ್ನೂ ಬರಹದಲ್ಲಿ ಹಾಕಿದರೆ "ನೀವೇ ಬೇಕಾದರೂ ನೋಡಿ" ಅಂದಂತಾಗುತ್ತದೆ.

ಬೇಳೆಮನೆ_ಕಪನೂರ

ಎಂಟು ದಿನದ ಮೇಲೆ ಬರುತ್ತಿದ್ದೇನೆ. ಎರಡೂ ವರದಿ ಬಂದಿವೆ. 11, 12 ಎರಡರಲ್ಲೂ "ಸೇರಿಸಿದ ಬಣ್ಣ: ಕಂಡುಬಂದಿಲ್ಲ" ಅಂತ ಇದೆ. ಲ್ಯಾಬಿನವರು ಪೂರ್ತಿ ವರದಿ ಹಾಕಲು ಪತ್ರ ಕೊಟ್ಟಿದ್ದಾರೆ. ಎಲ್ಲರ ಮಾತು ಸೇರಿಸಿ ಹೀಗೆ ಬರೆದಿದ್ದೇನೆ. ಲೋಟದ ಫೋಟೋ ಮೊದಲು, ವರದಿಯ ಪುಟಗಳು ಆಮೇಲೆ. ದಯವಿಟ್ಟು ಓದಿ ಹೇಳಿ.

"ಬ್ಯಾಚ್ 11ರ ತೊಗರಿ ಬೇಳೆಯ ಪರೀಕ್ಷಾ ವರದಿ ಬಂದಿದೆ: ಸೇರಿಸಿದ ಬಣ್ಣ ಕಂಡುಬಂದಿಲ್ಲ.

ತೊಳೆದ ನೀರು ಹಳದಿಯಾಗುತ್ತದೆ, ಬಣ್ಣ ಹಾಕಿದ್ದೀರಾ ಅಂತ ಕೆಲವರು ಕೇಳಿದ್ದೀರಿ. ಕೇಳಿದ್ದು ಸರಿ. ಮಕ್ಕಳಿಗೆ ಉಣಿಸುವ ಬೇಳೆ ಇದು.

ನೀರಿಗೆ ಬರುವುದು ಬೇಳೆಯ ಹಿಟ್ಟು. ಗಾಜಿನ ಲೋಟದಲ್ಲಿ ಅರ್ಧ ಗಂಟೆ ಇಟ್ಟರೆ ತಳಕ್ಕೆ ಕೂರುವುದನ್ನ ಮೊದಲ ಚಿತ್ರದಲ್ಲಿ ನೋಡಬಹುದು. ಬೇಯುವಾಗ ಬರುವ ನೊರೆ ಬೇಳೆಯದೇ ಪ್ರೋಟೀನು ಮತ್ತು ಸಪೋನಿನ್‌ನಿಂದ.

ನಾವು ಬಳಸುವುದು: ಸಿಪ್ಪೆ ಬಿಡಿಸಲು ಅಡುಗೆ ಎಣ್ಣೆ, ಕ್ವಿಂಟಲ್ ಕಾಳಿಗೆ ಅರ್ಧ ಕಿಲೋದ ಒಳಗೆ, ಮತ್ತು ನೀರು. ಬೇಳೆಯ ಮೇಲಿನ ಸ್ವಲ್ಪ ಹೊಳಪು ಆ ಎಣ್ಣೆಯಿಂದ ಇರಬಹುದು. ಬಣ್ಣವಾಗಲಿ, ಪಾಲಿಶ್ ಪುಡಿಯಾಗಲಿ ಹಾಕುವುದಿಲ್ಲ.

ಪರೀಕ್ಷೆಗೆ ಕೊಟ್ಟ ಪ್ಯಾಕೆಟ್ಟನ್ನ ಅಂಗಡಿಯಿಂದ ಕೊಂಡು, ಗಿರಾಕಿಗಳ ಮುಂದೆ ಸೀಲ್ ಮಾಡಿದೆವು. ಬ್ಯಾಚ್ 12ನ್ನು ಗೋದಾಮಿನಿಂದ ನಾವೇ ಕಳಿಸಿದ್ದೆವು. ಎರಡೂ ವರದಿಯ ಎಲ್ಲ ಪುಟ ಇಲ್ಲಿವೆ. ವರದಿ ಆಯಾ ಮಾದರಿಗೆ ಮಾತ್ರ ಅನ್ವಯ. ನಿಮ್ಮ ಪ್ಯಾಕೆಟ್ ಬಗ್ಗೆ ಅನುಮಾನ ಇದ್ದರೆ ಬ್ಯಾಚ್ ನಂಬರ್ ಕಳಿಸಿ, ಅಥವಾ ಸರ್ಕಾರಿ ಆಹಾರ ವಿಶ್ಲೇಷಕರ ಬಳಿ ನೀವೇ ಪರೀಕ್ಷೆ ಮಾಡಿಸಿ. ನಮ್ಮ ತಪ್ಪು ಕಂಡುಬಂದರೆ ಶುಲ್ಕ ನಾವು ಕೊಡುತ್ತೇವೆ."

ಸುದ್ದಿಮನೆ_ಹಳಬ

ಚೆನ್ನಾಗಿದೆ ತಂಗೀ. "ಕೇಳಿದ್ದು ಸರಿ" ಅನ್ನುವ ಎರಡು ಪದ ನಾನಾಗಿದ್ದರೆ ಬರೆಯುತ್ತಿರಲಿಲ್ಲ, ನನಗೆ ಹೊಳೆಯುತ್ತಿರಲಿಲ್ಲ. ಒಂದೇ ತಿದ್ದುಪಡಿ. ಮೊದಲ ಸಾಲಿಗೆ ವರದಿಯ ತಾರೀಕು ಸೇರಿಸು. ವಾಟ್ಸಾಪಿನಲ್ಲಿ ಇದು ಆರು ತಿಂಗಳಾದ ಮೇಲೂ ಓಡಾಡುತ್ತದೆ, ಯಾವಾಗಿನದು ಅಂತ ಗೊತ್ತಾಗಬೇಕು. ಬರಹವನ್ನೂ ಚಿತ್ರವನ್ನೂ ಒಂದೇ ಪಿಡಿಎಫ್ ಮಾಡಿ ಅಂಗಡಿಯವರಿಗೆ ಕಳಿಸು. ಚಿತ್ರ ಮಾತ್ರ ಹೋದರೆ ಕೆಳಗಿನ ಮಾತು ಉದುರಿ ಹೋಗುತ್ತದೆ, ಹಳದಿ ನೀರಿನ ಲೋಟ ಮಾತ್ರ ಉಳಿಯುತ್ತದೆ.

ಲ್ಯಾಬ್_ಅಕ್ಕ

12ನ್ನ ನಾವೇ ಕಳಿಸಿದ್ದು ಅಂತ ಬರೆದದ್ದು ಒಳ್ಳೆಯದಾಯಿತು. ಅದನ್ನ ಮುಚ್ಚಿಡಬಹುದಿತ್ತು ನೀನು.

ಗಂಜ್_ಹುಡುಗ

ಬರಹ ಚೆನ್ನಾಗಿದೆ ಅಕ್ಕಾ, ಒಪ್ಪುತ್ತೇನೆ. ಆದರೆ ಆ ವಿಡಿಯೋ ಹಾಗೇ ಇದೆಯಲ್ಲ! ಅದನ್ನ ತೆಗೆಸದೆ ಎಷ್ಟು ಬರೆದರೂ ಏನು ಉಪಯೋಗ?

ಬೇಳೆಮನೆ_ಕಪನೂರ

ವಿಡಿಯೋ ಮಾಡಿದವರಿಗೆ ಮೆಸೇಜ್ ಮಾಡಿದ್ದೆ ತಮ್ಮಾ. ಮಿಲ್ಲಿಗೆ ಬಂದು ನೋಡಿ ಅಂತ ಕರೆದೆ. ವರದಿಯ ಲಿಂಕ್ ಕಮೆಂಟಿನಲ್ಲಿ ಹಾಕಿದ್ದಾರೆ, ವಿಡಿಯೋ ಅಳಿಸಿಲ್ಲ. ನಮ್ಮ ಮನೆಯವರು ದೂರು ಕೊಡೋಣ ಅಂತಾರೆ, ಮಾವ ಬೇಡ ಅಂತಾರೆ. ನನಗೂ ತೀರ್ಮಾನ ಆಗಿಲ್ಲ. ಎರಡು ಅಂಗಡಿಯಲ್ಲಿ ಒಬ್ಬರು ಮಾಲು ಮತ್ತೆ ಇಟ್ಟುಕೊಂಡರು, ಇನ್ನೊಬ್ಬರು ಮುಂದಿನ ತಿಂಗಳು ನೋಡೋಣ ಅಂದರು.

ಗಂಜ್_ಹುಡುಗ

ನಾನಾಗಿದ್ದರೆ ದೂರು ಕೊಟ್ಟೇ ಕೊಡುತ್ತಿದ್ದೆ.

ಶಹಾಪುರ_ಹೊಸಬ

ನಾನು ಇಲ್ಲಿ ಹೊಸಬ. ಈ ಚರ್ಚೆ ಓದಿ ನಮ್ಮ ಮನೆಯ ಡಬ್ಬಿ ಪಕ್ಕದಲ್ಲಿದ್ದ ನಿಮ್ಮ ಪ್ಯಾಕೆಟ್ ತೆಗೆದು ನೋಡಿದೆ. ಅದು ಬ್ಯಾಚ್ 10. ನಿಮ್ಮ ಬರಹದಲ್ಲಿ 10ರ ಬಗ್ಗೆ ಏನೂ ಇಲ್ಲ. ನಾವು ಏನು ಮಾಡಬೇಕು?

ಬೇಳೆಮನೆ_ಕಪನೂರ

ನೀವು ಹೇಳಿದ್ದು ಸರಿ ಅಣ್ಣಾ, 10ನ್ನ ಪರೀಕ್ಷೆ ಮಾಡಿಸಿಲ್ಲ. ಇನ್ನೂ ಅಂಗಡಿಗಳಲ್ಲಿ ಉಳಿದಿದೆ ಅಂತ ನನಗೆ ಗೊತ್ತಿರಲಿಲ್ಲ. ಶಹಾಪುರದಲ್ಲಿ ಯಾವ ಅಂಗಡಿಯಲ್ಲಿ ಕೊಂಡಿರಿ ಅಂತ ಮೆಸೇಜ್ ಮಾಡಿ. ಅಲ್ಲಿ ಒಡೆಯದ ಪ್ಯಾಕೆಟ್ ಇದ್ದರೆ ನಾಳೆಯೇ ನಮ್ಮ ಮನೆಯವರು ಬಂದು ಕೊಂಡು, ನಿಮ್ಮ ಮುಂದೆಯೇ ಸೀಲ್ ಮಾಡಿಸುತ್ತಾರೆ. ನಿಮ್ಮ ಪ್ಯಾಕೆಟ್ಟಿನ ಹಣವನ್ನೂ ಅವರ ಕೈಲಿ ಕಳಿಸುತ್ತೇನೆ. ಬರಹದಲ್ಲಿ ಈಗಲೇ ಒಂದು ಸಾಲು ಸೇರಿಸುತ್ತಿದ್ದೇನೆ: "ಬ್ಯಾಚ್ 10ರ ಪರೀಕ್ಷೆ ಇನ್ನೂ ಆಗಿಲ್ಲ."